ಗುರುವಾರ ಹನ್ನೊಂದು ಗಂಟೆಗೆ ಆದ ಕರಾರು

ಕಾನೂನು ಕಾಲೇಜಿನ ಪ್ರಶ್ನೆಪತ್ರಿಕೆಗಳಲ್ಲಿ ಒಂದು ಬಗೆಯ ಪ್ರಶ್ನೆ ಇರುತ್ತದೆ. ಅದು ‘ಪ್ರಸ್ತಾಪ ಎಂದರೇನು, ವಿವರಿಸಿ’ ಎಂದು ಕೇಳುವುದಿಲ್ಲ. ಹತ್ತು ಹನ್ನೆರಡು ಸಾಲಿನಲ್ಲಿ ಒಂದು ವ್ಯವಹಾರದ ಕತೆ ಹೇಳುತ್ತದೆ. ಕೊನೆಗೆ ‘ಇವರಿಗೆ ಯಾವ ಪರಿಹಾರ ಸಿಗುತ್ತದೆ?’ ಎಂದು ಕೇಳಿ ಸುಮ್ಮನಾಗುತ್ತದೆ. ಕಲಂಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದವರೂ ಇಲ್ಲಿ ತಡವರಿಸುತ್ತಾರೆ. ಕತೆ ಓದಿದ ತಕ್ಷಣ ‘ಪಾಪ, ಇವನಿಗೆ ಅನ್ಯಾಯವಾಯಿತು’ ಎಂದು ಮನಸ್ಸು ಒಂದು ಕಡೆ ವಾಲಿಬಿಡುತ್ತದೆ. ಆಮೇಲೆ ಬರೆಯುವುದೆಲ್ಲ ಆ ತೀರ್ಪಿಗೆ ಹುಡುಕಿಕೊಂಡ ಕಾರಣವಾಗುತ್ತದೆ.

ಇಂಥ ಸಮಸ್ಯೆಯನ್ನು ಬಿಡಿಸುವವರು ನ್ಯಾಯ ಅನ್ಯಾಯವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಯಾರು ಯಾವಾಗ ಏನು ಹೇಳಿದರು, ಅದು ಇನ್ನೊಬ್ಬರಿಗೆ ಯಾವಾಗ ತಿಳಿಯಿತು ಎಂದು ಮೊದಲು ಪಟ್ಟಿ ಮಾಡುತ್ತಾರೆ. ಪ್ರತಿ ಸಾಲಿನ ಮುಂದೆ ನಿಂತು ‘ಈ ಗಳಿಗೆಯಲ್ಲಿ ಯಾರಾದರೂ ಕಾನೂನಿಗೆ ಕಟ್ಟುಬಿದ್ದರೇ?’ ಎಂದು ಕೇಳಿಕೊಳ್ಳುತ್ತಾರೆ. ಉತ್ತರ ಸಾಮಾನ್ಯವಾಗಿ ಆ ಪಟ್ಟಿಯಲ್ಲೇ ಇರುತ್ತದೆ. ಒಂದು ಸಮಸ್ಯೆಯನ್ನು ಹಾಗೆ ಬಿಡಿಸಿ ನೋಡೋಣ. ವ್ಯಕ್ತಿಗಳೂ ವ್ಯವಹಾರವೂ ಕಲ್ಪಿತ, ಕಾನೂನು ಮಾತ್ರ ನಿಜ.

ಸಮಸ್ಯೆ

ಸಾಗರದ ರಾಜಣ್ಣ ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿದ: ‘ಎರಡು ವರ್ಷ ಹಳೆಯ ಪವರ್ ಟಿಲ್ಲರ್ ಮಾರಾಟಕ್ಕಿದೆ. ಬೆಲೆ 1,50,000 ರೂಪಾಯಿ.’ ಶಿರಾಳಕೊಪ್ಪದ ಶಂಕರಪ್ಪ ಅದನ್ನು ನೋಡಿ ಸೋಮವಾರ ಫೋನ್ ಮಾಡಿದ. “ರಾಜಣ್ಣ, ಒಂದು ಮೂವತ್ತಕ್ಕೆ ಕೊಡ್ತೀರಾ?” “ಅದಕ್ಕೆ ಗಿಟ್ಟಲ್ಲ ಶಂಕರಪ್ಪ. ಒಂದು ನಲವತ್ತಾದ್ರೆ ಕೊಡ್ತೀನಿ, ಭಾನುವಾರ ದುಡ್ಡು ತಂದು ಗಾಡಿ ತಗೊಂಡು ಹೋಗಿ. ಶುಕ್ರವಾರದವರೆಗೆ ನಿಮಗೇ ಅಂತ ಇಟ್ಟಿರ್ತೀನಿ. ಬೇಕು ಅಂದ್ರೆ ಅಷ್ಟರೊಳಗೆ ಒಂದು ಕಾಗದ ಬರೆದು ಪೋಸ್ಟಿಗೆ ಹಾಕಿ, ಬರವಣಿಗೆಯಲ್ಲಿ ಇರಲಿ.”

ಮಂಗಳವಾರ ಶಂಕರಪ್ಪ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದ: ‘ದುಡ್ಡು ಎರಡು ಕಂತಲ್ಲಿ ಕೊಟ್ರೆ ನಡೆಯುತ್ತಾ?’ ರಾಜಣ್ಣ ಉತ್ತರಿಸಲಿಲ್ಲ. ಬುಧವಾರ ಬೇರೊಬ್ಬ ರೈತ 1,60,000 ರೂಪಾಯಿ ನಗದು ಎಣಿಸಿ ಟಿಲ್ಲರ್ ಒಯ್ದ. ಗುರುವಾರ ಬೆಳಗ್ಗೆ ಹತ್ತಕ್ಕೆ ಚಹದಂಗಡಿಯಲ್ಲಿ ಯಾರೋ ಶಂಕರಪ್ಪನಿಗೆ “ಆ ಟಿಲ್ಲರ್ ಹೋಯ್ತಂತೆ ಮಾರಾಯ” ಎಂದರು. ಹತ್ತೂವರೆಗೆ ರಾಜಣ್ಣ ವಾಟ್ಸ್‌ಆ್ಯಪ್ ಕಳಿಸಿದ: ‘ಗಾಡಿ ಮಾರಿದ್ದೀನಿ, ಬೇಜಾರು ಮಾಡ್ಕೋಬೇಡಿ.’ ಶಂಕರಪ್ಪನ ಫೋನಿಗೆ ಆಗ ನೆಟ್‌ವರ್ಕ್ ಇರಲಿಲ್ಲ. ಹನ್ನೊಂದಕ್ಕೆ ಅವನು ಅಂಚೆ ಕಚೇರಿಯಲ್ಲಿ ಸ್ಪೀಡ್‌ಪೋಸ್ಟ್ ಮಾಡಿದ. ಕಾಗದದಲ್ಲಿ ಹೀಗಿತ್ತು: ‘1,40,000ಕ್ಕೆ ಒಪ್ಪಿದ್ದೇನೆ, ಭಾನುವಾರ ಪೂರ್ತಿ ಹಣ ತರುತ್ತೇನೆ. ಬಾಡಿಗೆ ಉಳುಮೆ ಒಪ್ಪಿಕೊಂಡಿದ್ದೇನೆ, ಗಾಡಿ ತಪ್ಪಿಸಬೇಡಿ.’ ಹನ್ನೆರಡೂವರೆಗೆ ಫೋನಿಗೆ ನೆಟ್‌ವರ್ಕ್ ಬಂದು ರಾಜಣ್ಣನ ಸಂದೇಶ ಕಂಡಿತು. ಕಾಗದ ಶನಿವಾರ ರಾಜಣ್ಣನ ಕೈ ಸೇರಿತು. ಭಾನುವಾರ ಗಾಡಿ ಸಿಗಲಿಲ್ಲ.

ಮುಂದಿನ ಬುಧವಾರ ಶಂಕರಪ್ಪ ಹುಬ್ಬಳ್ಳಿಯಲ್ಲಿ ಅದೇ ಕಂಪನಿಯ, ಅಷ್ಟೇ ಹಳೆಯ ಟಿಲ್ಲರನ್ನು 1,62,000ಕ್ಕೆ ಕೊಂಡು, 6,000 ಬಾಡಿಗೆಯ ಟೆಂಪೋದಲ್ಲಿ ತಂದ. ಸಾಗರದಿಂದ ತಂದಿದ್ದರೆ ಟೆಂಪೋಗೆ 3,000 ಆಗುತ್ತಿತ್ತು. ಅಷ್ಟರಲ್ಲಿ 40,000 ರೂಪಾಯಿಯ ಬಾಡಿಗೆ ಉಳುಮೆಯೂ ಕೈತಪ್ಪಿತ್ತು. ಶಂಕರಪ್ಪನಿಗೆ ಏನು ಸಿಗುತ್ತದೆ?

ಪ್ರಸ್ತಾಪ ಮಾಡಿದವರು ಯಾರು?

ಅನ್ವಯವಾಗುವುದು 1872ರ ಭಾರತೀಯ ಕರಾರು ಕಾಯ್ದೆ. ಅದರ ಎರಡನೇ ಕಲಂ ಪ್ರಕಾರ, ಇನ್ನೊಬ್ಬರ ಒಪ್ಪಿಗೆ ಪಡೆಯಬೇಕೆಂಬ ಉದ್ದೇಶದಿಂದ ‘ನಾನು ಇದನ್ನು ಮಾಡಲು ಸಿದ್ಧ’ ಎಂದು ತಿಳಿಸುವುದೇ ಪ್ರಸ್ತಾಪ. ಎದುರಿನವರು ‘ಆಯಿತು’ ಅಂದರೆ ಅಲ್ಲಿಗೆ ಮಾತು ಮುಗಿಯುವಂತಿರಬೇಕು, ಇನ್ನೊಂದು ಸುತ್ತು ಚೌಕಾಸಿ ಉಳಿದಿರಬಾರದು.

ನೋಟಿಸ್ ಬೋರ್ಡಿನ ಚೀಟಿ ಅಂಥದ್ದಲ್ಲ. ಅದನ್ನೇ ಪ್ರಸ್ತಾಪ ಎಂದುಕೊಂಡರೆ, ಚೀಟಿ ನೋಡಿ ಐದು ಜನ ‘ಒಪ್ಪಿದೆ’ ಎಂದ ಕೂಡಲೇ ಇರುವ ಒಂದು ಟಿಲ್ಲರನ್ನು ರಾಜಣ್ಣ ಐವರಿಗೂ ಕೊಡಬೇಕಾಗುತ್ತಿತ್ತು. ಜಾಹೀರಾತು, ಅಂಗಡಿಯ ದರಪಟ್ಟಿ, ಗಾಜಿನ ಹಿಂದಿನ ಬೆಲೆಚೀಟಿ ಇವೆಲ್ಲ ‘ಬನ್ನಿ, ಮಾತಾಡೋಣ’ ಎಂಬ ಕರೆ ಮಾತ್ರ. ಬೆಲೆ ಹೇಳಿದ ಮಾತ್ರಕ್ಕೆ ಪ್ರಸ್ತಾಪವಾಗದು ಎನ್ನುವುದಕ್ಕೆ ವಿದ್ಯಾರ್ಥಿಗಳು ಉದಾಹರಿಸುವುದು 1893ರ ಹಾರ್ವೆ ವಿರುದ್ಧ ಫೇಸಿ ಪ್ರಕರಣವನ್ನು. ಜಮೈಕಾದ ಒಂದು ಆಸ್ತಿಯನ್ನು ‘ಮಾರುತ್ತೀರಾ? ಕನಿಷ್ಠ ಬೆಲೆ ತಿಳಿಸಿ’ ಎಂದು ಟೆಲಿಗ್ರಾಂ ಹೋಯಿತು. ‘ಕನಿಷ್ಠ ಬೆಲೆ 900 ಪೌಂಡ್’ ಎಂದು ಉತ್ತರ ಬಂತು. ಕೇಳಿದವರು ‘900ಕ್ಕೆ ಒಪ್ಪಿದ್ದೇವೆ’ ಎಂದರು. ಪ್ರಿವಿ ಕೌನ್ಸಿಲ್ ಇದರಲ್ಲಿ ಕರಾರು ಇಲ್ಲ ಎಂದಿತು. ಬೆಲೆ ಎಷ್ಟೆಂದು ಹೇಳಿದ್ದಾರೆ, ಆದರೆ ಮಾರುತ್ತೇನೆ ಎಂದು ಎಲ್ಲೂ ಹೇಳಿಲ್ಲ.

ಹಾಗಾದರೆ ಮೊದಲ ಪ್ರಸ್ತಾಪ ಶಂಕರಪ್ಪನ ‘ಒಂದು ಮೂವತ್ತು’. ರಾಜಣ್ಣ ಅದನ್ನು ತಳ್ಳಿಹಾಕಿ ‘ಒಂದು ನಲವತ್ತು’ ಎಂದಾಗ ಅದು ಸತ್ತುಹೋಯಿತು, ಅದರ ಜಾಗಕ್ಕೆ ರಾಜಣ್ಣನ ಪ್ರಸ್ತಾಪ ಬಂತು. ವಸ್ತು, ಬೆಲೆ, ದಿನ, ಒಪ್ಪಿಗೆ ತಿಳಿಸುವ ರೀತಿ ಎಲ್ಲವೂ ಅದರಲ್ಲಿ ಇವೆ. ಆದ್ದರಿಂದ ಪ್ರಸ್ತಾಪಕ ರಾಜಣ್ಣ, ಅಂಗೀಕರಿಸುವವನು ಶಂಕರಪ್ಪ. ಸಣ್ಣ ವಿಷಯದಂತೆ ಕಂಡರೂ ಇದನ್ನು ಉತ್ತರದ ಆರಂಭದಲ್ಲೇ ಬರೆಯಬೇಕು. ಕಾಗದ ಅಂಚೆಗೆ ಬಿದ್ದಾಗ ಯಾರು ಕಟ್ಟುಬೀಳುತ್ತಾರೆ, ಕೈ ಸೇರಿದಾಗ ಯಾರು ಕಟ್ಟುಬೀಳುತ್ತಾರೆ ಎಂಬುದನ್ನು ಮುಂದೆ ಈ ಗುರುತೇ ನಿರ್ಧರಿಸುತ್ತದೆ.

ಮಂಗಳವಾರದ ಪ್ರಶ್ನೆ

ಪ್ರಶ್ನೆ ತೆಗೆಯುವವರು ಕುಣಿಕೆ ಹಾಕುವುದು ಇಲ್ಲಿ. ‘ಎರಡು ಕಂತಲ್ಲಿ ಕೊಟ್ರೆ ನಡೆಯುತ್ತಾ?’ ಎಂಬುದನ್ನು ಪ್ರತಿಪ್ರಸ್ತಾಪ ಎಂದುಕೊಂಡರೆ ರಾಜಣ್ಣನ ಪ್ರಸ್ತಾಪವೂ ಅಲ್ಲಿಗೇ ಸತ್ತಂತೆ, ಗುರುವಾರ ಒಪ್ಪಲು ಏನೂ ಉಳಿದಿಲ್ಲ. 1840ರ ಹೈಡ್ ವಿರುದ್ಧ ರೆಂಚ್ ಪ್ರಕರಣದಲ್ಲಿ ಆದದ್ದು ಇದೇ. 1,000 ಪೌಂಡಿಗೆ ಮಾರುತ್ತೇನೆ ಎಂದ ಜಮೀನಿಗೆ ಕೊಳ್ಳುವವನು 950 ಕೊಡುತ್ತೇನೆ ಎಂದ. ಅದು ತಿರಸ್ಕೃತವಾದ ಮೇಲೆ ‘ಸರಿ, 1,000ಕ್ಕೇ ಒಪ್ಪಿದೆ’ ಎಂದ. ಅಷ್ಟರಲ್ಲಿ ಮೊದಲ ಪ್ರಸ್ತಾಪ ಇಲ್ಲವಾಗಿತ್ತು.

ಆದರೆ ಕೇಳುವುದಕ್ಕೂ ಪಟ್ಟು ಹಿಡಿಯುವುದಕ್ಕೂ ವ್ಯತ್ಯಾಸವಿದೆ. ಶಂಕರಪ್ಪ ‘ಕಂತಾದರೆ ಮಾತ್ರ ಕೊಳ್ಳುತ್ತೇನೆ’ ಅನ್ನಲಿಲ್ಲ, ಸಾಧ್ಯವೇ ಎಂದು ವಿಚಾರಿಸಿದ. ನಮ್ಮ ಸಮಸ್ಯೆಯ ಮೂಳೆಗಳನ್ನು ತೆಗೆದುಕೊಂಡಿರುವುದೇ 1880ರ ಸ್ಟೀವನ್‌ಸನ್ ವಿರುದ್ಧ ಮೆಕ್ಲೀನ್ ಎಂಬ ಇಂಗ್ಲಿಷ್ ಪ್ರಕರಣದಿಂದ. ಅಲ್ಲಿ ಕಬ್ಬಿಣದ ವ್ಯಾಪಾರ. ಟನ್ನಿಗೆ 40 ಶಿಲ್ಲಿಂಗ್, ನಗದು, ಸೋಮವಾರದವರೆಗೆ ಅವಕಾಶ ಎಂದು ಮಾರುವವನು ತಿಳಿಸಿದ್ದ. ಸೋಮವಾರ ಬೆಳಗ್ಗೆ ಕೊಳ್ಳುವವರು ‘ಎರಡು ತಿಂಗಳಲ್ಲಿ ತೆಗೆದುಕೊಳ್ಳುವಂತಾದರೆ ನಲವತ್ತಕ್ಕೆ ಆಗುತ್ತದೆಯೇ?’ ಎಂದು ಟೆಲಿಗ್ರಾಂ ಕೊಟ್ಟರು. ಉತ್ತರ ಬರಲಿಲ್ಲ, ಮಾರುವವನು ಸರಕನ್ನು ಬೇರೆಯವರಿಗೆ ಮಾರಿದ. ಮಾರಿದ್ದೇನೆ ಎಂದು ಅವನು ಟೆಲಿಗ್ರಾಂ ಕೊಟ್ಟದ್ದು 1 ಗಂಟೆ 25 ನಿಮಿಷಕ್ಕೆ. ಇದು ತಿಳಿಯದೆ ಕೊಳ್ಳುವವರು 1.34ಕ್ಕೆ ‘ಒಪ್ಪಿದ್ದೇವೆ’ ಎಂದು ಟೆಲಿಗ್ರಾಂ ಕೊಟ್ಟರು. ಅವನ ಟೆಲಿಗ್ರಾಂ ಅವರನ್ನು ತಲುಪಿದ್ದು 1.46ಕ್ಕೆ. ಬೆಳಗಿನದು ಬರೀ ವಿಚಾರಣೆ, ಪ್ರಸ್ತಾಪ ಜೀವಂತವಾಗಿಯೇ ಇತ್ತು, ಕೊಳ್ಳುವವರು ಗೆದ್ದರು.

ಶಂಕರಪ್ಪನ ಮಂಗಳವಾರದ ಸಂದೇಶಕ್ಕೂ ಇದೇ ತರ್ಕ ಹೊಂದುತ್ತದೆ. ರಾಜಣ್ಣ ಉತ್ತರಿಸಲಿಲ್ಲ ಎನ್ನುವುದರಿಂದ ಕಂತಿಗೆ ಒಪ್ಪಿದ ಎಂದೂ ಆಗುವುದಿಲ್ಲ. ಮೌನ ಒಪ್ಪಿಗೆಯ ಲಕ್ಷಣ ಎಂಬ ಗಾದೆ ಕರಾರಿನ ಕಾನೂನಿನಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಗುರುವಾರದ ಕಾಗದದಲ್ಲಿ ಶಂಕರಪ್ಪ ಕಂತಿನ ಮಾತು ಎತ್ತದೆ ಪೂರ್ತಿ ಹಣ ಎಂದದ್ದು ಒಳ್ಳೆಯದೇ ಆಯಿತು. ಅಂಗೀಕಾರ ಪೂರ್ಣವಾಗಿಯೂ ಷರತ್ತಿಲ್ಲದೆಯೂ ಇರಬೇಕು ಎನ್ನುತ್ತದೆ ಏಳನೇ ಕಲಂ.

ಶುಕ್ರವಾರದವರೆಗೆ ಕೊಟ್ಟ ಮಾತು

‘ಶುಕ್ರವಾರದವರೆಗೆ ಇಟ್ಟಿರ್ತೀನಿ ಅಂತ ಮಾತು ಕೊಟ್ಟು ಬುಧವಾರವೇ ಮಾರಿದ್ದು ತಪ್ಪಲ್ಲವೇ?’ ಎಂದು ಯಾರಿಗೂ ಅನ್ನಿಸುತ್ತದೆ. ಉತ್ತರ ಬರೆಯುವ ಅನೇಕರು ಇದನ್ನೇ ಕರಾರುಭಂಗ ಎಂದುಬಿಡುತ್ತಾರೆ. ಪ್ರತಿಫಲದ ನಿಯಮ ಕೆಲಸ ಮಾಡುವುದು ಇಲ್ಲಿ.

ಕೊಟ್ಟ ಮಾತನ್ನು ನ್ಯಾಯಾಲಯ ಜಾರಿ ಮಾಡಬೇಕಾದರೆ, ಮಾತು ಕೊಟ್ಟವನ ಇಚ್ಛೆಯಂತೆ ಅದಕ್ಕೆ ಬದಲಾಗಿ ಏನಾದರೂ ಬಂದಿರಬೇಕು. ಹಣವೇ ಆಗಬೇಕಿಲ್ಲ, ಒಂದು ಕೆಲಸ, ಕೆಲಸದಿಂದ ದೂರ ಉಳಿಯುವುದು, ಇನ್ನೊಂದು ಮಾತು, ಯಾವುದಾದರೂ ನಡೆಯುತ್ತದೆ. ಪ್ರತಿಫಲವಿಲ್ಲದ ಒಪ್ಪಂದ ಶೂನ್ಯ ಎನ್ನುವುದು 25ನೇ ಕಲಂ. ಹತ್ತಿರದ ಸಂಬಂಧಿಕರ ನಡುವೆ ಪ್ರೀತಿಯಿಂದ ಬರೆದು ನೋಂದಾಯಿಸಿದ ಪತ್ರದಂಥ ಕೆಲವು ವಿನಾಯಿತಿಗಳಿವೆ, ಇಲ್ಲಿ ಅವು ಯಾವುವೂ ಅನ್ವಯಿಸವು. ಕಾಯ್ದಿರಿಸುವುದಕ್ಕಾಗಿ ಶಂಕರಪ್ಪ ಏನೂ ಕೊಟ್ಟಿಲ್ಲ. 500 ರೂಪಾಯಿ ಕೊಟ್ಟು ‘ಶುಕ್ರವಾರದವರೆಗೆ ಇಟ್ಟಿರಿ’ ಎಂದಿದ್ದರೆ ಅದೇ ಒಂದು ಪ್ರತ್ಯೇಕ ಕರಾರಾಗುತ್ತಿತ್ತು. ಕೊಡದೇ ಇದ್ದುದರಿಂದ ಆ ಮಾತು ಸೌಜನ್ಯದ ಮಾತು. ಶುಕ್ರವಾರಕ್ಕೆ ಮುಂಚೆಯೇ ಪ್ರಸ್ತಾಪವನ್ನು ಹಿಂತೆಗೆದುಕೊಳ್ಳುವ ಹಕ್ಕು ರಾಜಣ್ಣನಿಗಿತ್ತು.

ಹಾಗೆಂದು ಮುಖ್ಯ ವ್ಯವಹಾರದಲ್ಲಿ ಪ್ರತಿಫಲವಿಲ್ಲ ಎನ್ನುವಂತಿಲ್ಲ. ಮುಂಗಡ ಕೊಟ್ಟಿಲ್ಲ, ಹಾಗಾಗಿ ವ್ಯವಹಾರ ಕುದುರಿಲ್ಲ ಎಂದು ಊರಿನಲ್ಲಿ ವಾದ ಮಾಡುವವರಿದ್ದಾರೆ. ಕಾನೂನಿಗೆ ಮುಂಗಡ ಬೇಕಿಲ್ಲ. ಟಿಲ್ಲರ್ ಕೊಡುತ್ತೇನೆ ಎಂಬ ಮಾತಿಗೆ ಹಣ ಕೊಡುತ್ತೇನೆ ಎಂಬ ಮಾತೇ ಪ್ರತಿಫಲ. ಬೆಲೆ ಪೇಟೆಗಿಂತ 20,000 ಕಡಿಮೆ ಇತ್ತು ಎನ್ನುವುದೂ ಅಡ್ಡಿಯಲ್ಲ; ಪ್ರತಿಫಲ ಇರಬೇಕು, ಸರಿಸಮನಾಗಿಯೇ ಇರಬೇಕೆಂದಿಲ್ಲ. ಬೆಲೆ ತೀರಾ ಕಡಿಮೆಯಾಗಿದ್ದರೆ ಮಾರಿದವನ ಒಪ್ಪಿಗೆ ಮುಕ್ತವಾಗಿತ್ತೇ ಎಂದು ಪರೀಕ್ಷಿಸುವಾಗ ಮಾತ್ರ ನ್ಯಾಯಾಲಯ ಅದನ್ನು ಗಮನಿಸಬಹುದು.

ಗುರುವಾರ ಬೆಳಗ್ಗೆ, ಮೂರು ಗಳಿಗೆ

ಹಿಂತೆಗೆದುಕೊಳ್ಳುವ ಹಕ್ಕು ಇತ್ತು, ಸರಿ. ಸಮಯಕ್ಕೆ ಹಿಂತೆಗೆದುಕೊಂಡನೇ? ಈ ಸಮಸ್ಯೆಯ ತಿರುಳು ಇದೇ, ಹೆಚ್ಚು ಅಂಕ ಇರುವುದೂ ಇಲ್ಲೇ.

ಬುಧವಾರ ಬೇರೆಯವರಿಗೆ ಮಾರಿದ್ದು ಹಿಂತೆಗೆತವಲ್ಲ. ಐದನೇ ಕಲಂ ಪ್ರಕಾರ ಪ್ರಸ್ತಾಪವನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು, ಆದರೆ ಪ್ರಸ್ತಾಪಕನ ಮಟ್ಟಿಗೆ ಅಂಗೀಕಾರ ಪೂರ್ಣವಾಗುವ ಮುನ್ನ. ಆರನೇ ಕಲಂ ಪ್ರಕಾರ ಹಿಂಪಡೆದ ಸೂಚನೆ ಎದುರಿನವರಿಗೆ ತಲುಪಬೇಕು. ಮನಸ್ಸಿನಲ್ಲಿ ಬದಲಾಯಿಸಿದರೆ ಸಾಲದು, ಮಾರಿ ಕೈತೊಳೆದುಕೊಂಡರೂ ಸಾಲದು.

ಮೊದಲ ಗಳಿಗೆ, ಹತ್ತು ಗಂಟೆ: ಚಹದಂಗಡಿಯ ಸುದ್ದಿ. ಇಂಗ್ಲೆಂಡಿನಲ್ಲಿ 1876ರ ಡಿಕಿನ್‌ಸನ್ ವಿರುದ್ಧ ಡಾಡ್ಸ್ ಪ್ರಕರಣದ ಪ್ರಕಾರ, ಆಸ್ತಿ ಕೈತಪ್ಪುತ್ತಿದೆ ಎಂದು ಮೂರನೆಯವರಿಂದ ಖಚಿತವಾಗಿ ತಿಳಿದಿದ್ದರೂ ಸಾಕು, ಆಮೇಲೆ ಒಪ್ಪಿ ಪ್ರಯೋಜನವಿಲ್ಲ. ನಮ್ಮ ಕಾಯ್ದೆಯ ಆರನೇ ಕಲಂ ಹಿಂಪಡೆದ ಸೂಚನೆಯನ್ನು ‘ಪ್ರಸ್ತಾಪಕನು’ ತಿಳಿಸಬೇಕು ಎನ್ನುತ್ತದೆ. ಕಲಮಿನ ಮಾತನ್ನು ಇದ್ದಂತೆ ಓದಿದರೆ ಚಹದಂಗಡಿಯ ‘ಹೋಯ್ತಂತೆ’ ಲೆಕ್ಕಕ್ಕಿಲ್ಲ. ಇಂಗ್ಲಿಷ್ ಪ್ರಕರಣವನ್ನು ಹಾಗೇ ಎತ್ತಿ ತಂದು ಶಂಕರಪ್ಪನನ್ನು ಸೋಲಿಸುವುದು ಈ ಪ್ರಶ್ನೆಯಲ್ಲಿ ಆಗಬಹುದಾದ ದೊಡ್ಡ ತಪ್ಪು. ಎರಡೂ ನಿಲುವನ್ನು ಬರೆದು, ಭಾರತದ ಕಲಂ ಯಾಕೆ ಬೇರೆ ಎಂದು ತೋರಿಸುವುದು ಸರಿಯಾದ ದಾರಿ.

ಎರಡನೆಯ ಗಳಿಗೆ, ಹತ್ತೂವರೆ: ವಾಟ್ಸ್‌ಆ್ಯಪ್ ಹೊರಟಿತು. ಹಿಂತೆಗೆತ ಕಳಿಸಿದವನ ಮಟ್ಟಿಗೆ ಅದು ಹೊರಟಾಗಲೇ ಪೂರ್ಣ, ಪಡೆಯುವವನ ಮಟ್ಟಿಗೆ ಅವನಿಗೆ ತಿಳಿದಾಗ ಪೂರ್ಣ ಎನ್ನುತ್ತದೆ ನಾಲ್ಕನೇ ಕಲಂ. ನೆಟ್‌ವರ್ಕ್ ಇಲ್ಲದ ಫೋನಿಗೆ ಹೊರಟ ಸಂದೇಶಕ್ಕೆ ರಾಜಣ್ಣನ ಪರದೆಯಲ್ಲಿ ಒಂದೇ ಬೂದು ಗೆರೆ ಕಂಡಿರುತ್ತದೆ. ಮುಟ್ಟಿದಾಗ ಎರಡು, ಓದಿದಾಗ ನೀಲಿ. ಹತ್ತೂವರೆಯಲ್ಲಿ ಅದು ಶಂಕರಪ್ಪನಿಗೆ ತಿಳಿದಿರಲಿಲ್ಲ.

ಮೂರನೆಯ ಗಳಿಗೆ, ಹನ್ನೊಂದು: ಕಾಗದ ಅಂಚೆಗೆ ಬಿತ್ತು. ನಾಲ್ಕನೇ ಕಲಂ ಅಂಗೀಕಾರವನ್ನು ಎರಡು ಹಂತದಲ್ಲಿ ನೋಡುತ್ತದೆ. ಒಪ್ಪಿದವನ ಹಿಡಿತ ಮೀರಿ ಅದು ದಾರಿಗೆ ಬಿದ್ದಾಗ ಪ್ರಸ್ತಾಪಕ ಕಟ್ಟುಬೀಳುತ್ತಾನೆ. ಪ್ರಸ್ತಾಪಕನಿಗೆ ಅದು ತಿಳಿದಾಗ ಒಪ್ಪಿದವನು ಕಟ್ಟುಬೀಳುತ್ತಾನೆ. ಆದ್ದರಿಂದ ರಾಜಣ್ಣ ಗುರುವಾರ ಹನ್ನೊಂದಕ್ಕೇ ಕಟ್ಟುಬಿದ್ದ, ಹನ್ನೆರಡೂವರೆಗೆ ಕಂಡ ಹಿಂತೆಗೆತ ತಡವಾಯಿತು. ಶಂಕರಪ್ಪನಿಗೆ ಶನಿವಾರದವರೆಗೂ ಬಾಗಿಲು ತೆರೆದೇ ಇತ್ತು. ಶುಕ್ರವಾರ ಮನಸ್ಸು ಬದಲಾಗಿದ್ದರೆ, ಕಾಗದ ಮುಟ್ಟುವ ಮುನ್ನ ಒಂದು ಫೋನ್ ಮಾಡಿ ಅವನು ಹಿಂದೆ ಸರಿಯಬಹುದಿತ್ತು. ಈ ಒಂದೂವರೆ ಎರಡು ದಿನದ ಒಮ್ಮುಖ ಬಂಧನ ಭಾರತದ ಕಾಯ್ದೆಯ ವಿಶೇಷ.

ಕಾಗದ ಶನಿವಾರ ಮುಟ್ಟಿದ್ದರಿಂದ ಶುಕ್ರವಾರದ ಗಡುವು ಮೀರಿತಲ್ಲವೇ? ರಾಜಣ್ಣ ಹೇಳಿದ್ದು ಅಷ್ಟರೊಳಗೆ ‘ಪೋಸ್ಟಿಗೆ ಹಾಕಿ’ ಎಂದು. ‘ನನ್ನ ಕೈಗೆ ಸೇರಬೇಕು’ ಎಂದಿದ್ದರೆ ಶಂಕರಪ್ಪ ಸೋಲುತ್ತಿದ್ದ. ಪ್ರಶ್ನೆಯಲ್ಲಿ ಇಂಥ ಒಂದು ಕ್ರಿಯಾಪದದ ಕೆಳಗೆ ಗೆರೆ ಎಳೆದುಕೊಳ್ಳುವುದು ಲೇಸು.

ಅಂಚೆಯ ಬದಲು ಫೋನಿನಲ್ಲಿ ಒಪ್ಪಿದ್ದರೆ ಲೆಕ್ಕ ಬೇರೆ. 1965ರಲ್ಲಿ ಸುಪ್ರೀಂ ಕೋರ್ಟು ಭಗವಾನದಾಸ್ ಕೇಡಿಯಾ ಪ್ರಕರಣದಲ್ಲಿ, ಫೋನಿನಂಥ ತತ್‌ಕ್ಷಣದ ಮಾಧ್ಯಮಕ್ಕೆ ಅಂಚೆಯ ನಿಯಮ ಸಲ್ಲದು, ಒಪ್ಪಿಗೆ ಪ್ರಸ್ತಾಪಕನ ಕಿವಿಗೆ ಬಿದ್ದಲ್ಲೇ ಕರಾರು ಆಗುತ್ತದೆ ಎಂದು ಬಹುಮತದಿಂದ ಹೇಳಿತು. ಅಹಮದಾಬಾದಿನಿಂದ ಪ್ರಸ್ತಾಪ, ಖಾಮಗಾಂವ್‌ನಿಂದ ಒಪ್ಪಿಗೆ. ಕರಾರು ಆದದ್ದು ಅಹಮದಾಬಾದಿನಲ್ಲಿ. ನ್ಯಾಯಮೂರ್ತಿ ಹಿದಾಯತುಲ್ಲಾ ಭಿನ್ನಮತ ಬರೆದರು. ಕಾಯ್ದೆಯ ನಾಲ್ಕನೇ ಕಲಂ ಫೋನಿಗೂ ಹಾಗೇ ಅನ್ವಯಿಸಬೇಕು ಎಂಬುದು ಅವರ ನಿಲುವು. ಇದರಿಂದ ದಾವೆ ಎಲ್ಲಿ ಹೂಡಬೇಕೆಂಬುದೂ ಬದಲಾಗುತ್ತದೆ. ಅಂಚೆಯಾದ್ದರಿಂದ ನಮ್ಮ ಕರಾರು ಶಿರಾಳಕೊಪ್ಪದಲ್ಲಿ ಆಯಿತು, ಶಂಕರಪ್ಪ ತನ್ನ ಕಡೆಯ ನ್ಯಾಯಾಲಯಕ್ಕೇ ಹೋಗಬಹುದು. ಫೋನಾಗಿದ್ದರೆ ಕರಾರು ಸಾಗರದಲ್ಲಿ ಆಗುತ್ತಿತ್ತು.

ಟಿಲ್ಲರ್ ಬೇಕೋ, ಹಣವೋ?

ಕರಾರು ಆಯಿತು, ಭಾನುವಾರ ಮುರಿಯಿತು. ‘ನನಗೆ ಅದೇ ಟಿಲ್ಲರ್ ಬೇಕು’ ಎಂದು ಶಂಕರಪ್ಪ ಕೇಳಬಹುದೇ? 1963ರ ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ, ಕರಾರನ್ನು ನಡೆಸಿಕೊಡು ಎಂದು ಆದೇಶಿಸುವುದು ನ್ಯಾಯಾಲಯದ ಇಚ್ಛೆಗೆ ಬಿಟ್ಟ ವಿಷಯವಾಗಿ ಉಳಿದಿಲ್ಲ, ಕಾಯ್ದೆಯ ಮಿತಿಗಳೊಳಗೆ ಆದೇಶಿಸಲೇಬೇಕು. ಆದರೂ ಇಲ್ಲಿ ಅದು ಫಲಿಸದು. ಬುಧವಾರ ಟಿಲ್ಲರಿನ ಮಾಲೀಕ ರಾಜಣ್ಣನೇ, ಅಂದು ಶಂಕರಪ್ಪನ ಜೊತೆ ಕರಾರೂ ಇರಲಿಲ್ಲ. ಆ ರೈತ ಹಣ ಕೊಟ್ಟು ಒಡೆತನ ಪಡೆದಿದ್ದಾನೆ. ರಾಜಣ್ಣನ ಬಳಿ ಇಲ್ಲದ್ದನ್ನು ಕೊಡು ಎಂದು ಆದೇಶಿಸಲಾಗದು. ಪೊಲೀಸ್ ಠಾಣೆಗೆ ಹೋಗಿ ವಂಚನೆಯ ದೂರು ಕೊಡುವ ಯೋಚನೆಯೂ ಕೆಲವರಿಗೆ ಬರುತ್ತದೆ. ಆರಂಭದಿಂದಲೇ ಮೋಸದ ಉದ್ದೇಶ ಇತ್ತೆಂದು ತೋರಿಸಲಾಗದಿದ್ದರೆ ಕರಾರುಭಂಗ ಅಪರಾಧವಾಗುವುದಿಲ್ಲ. ಉಳಿದದ್ದು ನಷ್ಟ ಪರಿಹಾರ.

73ನೇ ಕಲಂ ಎರಡು ಬಗೆಯ ನಷ್ಟಕ್ಕೆ ಪರಿಹಾರ ಕೊಡುತ್ತದೆ: ಭಂಗದಿಂದ ಸಹಜವಾಗಿಯೇ ಆಗುವ ನಷ್ಟ, ಮತ್ತು ಕರಾರು ಮಾಡಿಕೊಳ್ಳುವಾಗಲೇ ಹೀಗಾಗಬಹುದು ಎಂದು ಇಬ್ಬರಿಗೂ ಗೊತ್ತಿದ್ದ ನಷ್ಟ. ದೂರದ, ಸುತ್ತಿಬಳಸಿ ಬಂದ ನಷ್ಟಕ್ಕೆ ಇಲ್ಲ. ಇದರ ಹಿಂದಿರುವುದು 1854ರ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್. ಗ್ಲಾಸ್ಟರಿನ ಒಂದು ಗಿರಣಿಯ ಮುರಿದ ದಂಡವನ್ನು ಸಾಗಿಸಲು ತಡವಾಗಿ ಗಿರಣಿ ನಿಂತೇ ಹೋಯಿತು. ಆ ದಂಡವಿಲ್ಲದೆ ಗಿರಣಿ ಓಡುವುದಿಲ್ಲ ಎಂಬುದು ಸಾಗಿಸುವವರಿಗೆ ತಿಳಿದಿರಲಿಲ್ಲವೆಂದು ಲಾಭದ ನಷ್ಟ ಸಿಗಲಿಲ್ಲ.

ಈಗ ಲೆಕ್ಕ. ಸರಕು ಕೊಡದಿದ್ದಾಗ ಸಾಮಾನ್ಯ ಅಳತೆ, ಭಂಗವಾದ ದಿನದ ಪೇಟೆ ಬೆಲೆಯಲ್ಲಿ ಕರಾರಿನ ಬೆಲೆ ಕಳೆಯುವುದು. ಶಂಕರಪ್ಪ ಮೂರು ದಿನದಲ್ಲೇ ಅದೇ ಮಾದರಿಯದನ್ನು 1,62,000ಕ್ಕೆ ಕೊಂಡಿದ್ದಾನೆ, ವ್ಯತ್ಯಾಸ 22,000. ‘ಹುಬ್ಬಳ್ಳಿಯ ಬೆಲೆ ನಮ್ಮ ಕಡೆಯ ಬೆಲೆಯಲ್ಲ’ ಎಂದು ರಾಜಣ್ಣ ವಾದಿಸಬಹುದು. ಆದರೆ ಅವನೇ ಸಾಗರದಲ್ಲಿ 1,60,000ಕ್ಕೆ ಮಾರಿದ್ದಾನೆ, ಅದು ಶಂಕರಪ್ಪನಿಗೆ ಸಿಕ್ಕ ಒಳ್ಳೆಯ ಪುರಾವೆ. ನ್ಯಾಯಾಲಯ 20,000ಕ್ಕೆ ನಿಲ್ಲಬಹುದು, 22,000ವನ್ನೂ ಒಪ್ಪಬಹುದು. ಪೇಟೆ ಬೆಲೆಯ ಪುರಾವೆಯನ್ನು ಹಗುರವಾಗಿ ಕಾಣುವಂತಿಲ್ಲ. 1962ರ ಮುರಳೀಧರ ಚಿರಂಜೀಲಾಲ್ ಪ್ರಕರಣದಲ್ಲಿ ಕ್ಯಾನ್ವಾಸ್ ಬಟ್ಟೆಯ ಕರಾರು ಮುರಿದದ್ದು ನಿಜವಿದ್ದರೂ, ಕೊಂಡವರು ಕಲ್ಕತ್ತದ ದರ ತೋರಿಸಿದರೇ ಹೊರತು ಸರಕು ಒಪ್ಪಿಸಬೇಕಿದ್ದ ಕಾನ್ಪುರದ ಅಂದಿನ ದರವನ್ನು ಸಾಬೀತು ಮಾಡಲಿಲ್ಲ. ಸುಪ್ರೀಂ ಕೋರ್ಟು ಅವರಿಗೆ ನಷ್ಟ ಪರಿಹಾರ ಕೊಡಲಿಲ್ಲ.

ಟೆಂಪೋ ಬಾಡಿಗೆಯಲ್ಲಿ 6,000 ಪೂರ್ತಿ ಕೇಳುವುದು ತಪ್ಪು. ಕರಾರು ನಡೆದಿದ್ದರೂ ಸಾಗರದಿಂದ ತರಲು 3,000 ಆಗುತ್ತಲೇ ಇತ್ತು. ಹೆಚ್ಚುವರಿ 3,000 ಮಾತ್ರ ನಷ್ಟ.

ಉಳುಮೆಯ 40,000 ಕಷ್ಟ. ಕಾಗದದಲ್ಲಿ ಶಂಕರಪ್ಪ ಅದನ್ನು ಬರೆದಿದ್ದಾನೆ ನಿಜ. ಆದರೆ ಬೇಕಾದದ್ದು ಕರಾರು ಆಗುವಾಗಿನ ತಿಳಿವಳಿಕೆ. ಕರಾರು ಆದದ್ದು ಗುರುವಾರ ಹನ್ನೊಂದಕ್ಕೆ, ರಾಜಣ್ಣ ಆ ಸಾಲು ಓದಿದ್ದು ಶನಿವಾರ. ಶಂಕರಪ್ಪನನ್ನು ಗೆಲ್ಲಿಸಿದ ಅಂಚೆಯ ನಿಯಮವೇ ಇಲ್ಲಿ ಅವನಿಗೆ ತಿರುಗಿಬೀಳುತ್ತದೆ. ಸೋಮವಾರದ ಫೋನಿನಲ್ಲೇ “ಬಾಡಿಗೆ ಉಳುಮೆ ಒಪ್ಕೊಂಡಿದೀನಿ, ಅದಕ್ಕೇ ಬೇಕು” ಅಂದಿದ್ದರೆ ವಾದಕ್ಕೆ ಬಲ ಬರುತ್ತಿತ್ತು. ಆಗಲೂ ಡೀಸೆಲ್, ಚಾಲಕನ ಕೂಲಿ ಕಳೆದು ಉಳಿಯುವ ಲಾಭವಷ್ಟೇ ಲೆಕ್ಕಕ್ಕೆ. ಬಾಡಿಗೆಗೆ ಇನ್ನೊಂದು ಟಿಲ್ಲರ್ ಹಿಡಿದು ಕೆಲಸ ಉಳಿಸಿಕೊಳ್ಳಬಹುದಿತ್ತಲ್ಲ ಎಂದೂ ನ್ಯಾಯಾಲಯ ಕೇಳುತ್ತದೆ. ನಷ್ಟ ತಗ್ಗಿಸಿಕೊಳ್ಳಲು ಇದ್ದ ದಾರಿಗಳನ್ನು ಗಮನಿಸಬೇಕೆಂದು 73ನೇ ಕಲಮಿನ ವಿವರಣೆಯೇ ಹೇಳುತ್ತದೆ.

ಹೀಗೆ ಶಂಕರಪ್ಪನಿಗೆ ಸಿಗಬಹುದಾದದ್ದು ಹೆಚ್ಚೆಂದರೆ 25,000 ರೂಪಾಯಿ. ಅದನ್ನು ಕೇಳಲು ಭಂಗವಾದ ದಿನದಿಂದ ಮೂರು ವರ್ಷ ಕಾಲಾವಕಾಶವಿದೆ. ಅವನು ಜೋಪಾನ ಮಾಡಬೇಕಾದ ದಾಖಲೆಗಳು ನಾಲ್ಕು: ಹನ್ನೊಂದು ಗಂಟೆಯ ಮೊಹರಿರುವ ಸ್ಪೀಡ್‌ಪೋಸ್ಟ್ ರಸೀದಿ, ವಾಟ್ಸ್‌ಆ್ಯಪ್ ಸಂದೇಶ ಯಾವಾಗ ತಲುಪಿತೆಂದು ತೋರಿಸುವ ವಿವರ, ಹುಬ್ಬಳ್ಳಿಯ ಬಿಲ್ಲು, ಟೆಂಪೋ ಚೀಟಿ. ಸೋಮವಾರದ ಫೋನ್ ಮಾತುಕತೆ ಬರವಣಿಗೆಯಲ್ಲಿ ಇಲ್ಲ, ಕಟಕಟೆಯಲ್ಲಿ ರಾಜಣ್ಣ ಅದನ್ನು ಅಲ್ಲಗಳೆಯಬಹುದು. ಪರೀಕ್ಷೆಯ ಸಮಸ್ಯೆಯಲ್ಲಿ ಹೇಳಿದ್ದೆಲ್ಲ ನಿಜವೆಂದು ಹಿಡಿಯಬೇಕು. ನ್ಯಾಯಾಲಯದಲ್ಲಿ ಪ್ರತಿ ಸಾಲನ್ನೂ ಸಾಬೀತು ಮಾಡಬೇಕು.

ರಾಜಣ್ಣನ ಕಡೆಯಿಂದ ನೋಡಿದರೆ, 20,000 ಹೆಚ್ಚಿಗೆ ಬಂತೆಂದು ಮಾರಿದ ವ್ಯಾಪಾರ ಕೊನೆಗೆ ಅವನ ಕೈಯಿಂದಲೇ 5,000 ಕಳೆಯಿತು, ವಕೀಲರ ಫೀಸು ಬೇರೆ. ಬುಧವಾರ ಆ ರೈತ ಹಣ ಎಣಿಸುವ ಮುನ್ನ ಶಂಕರಪ್ಪನಿಗೆ ಒಂದು ಫೋನ್ ಮಾಡಿ “ಆ ಮಾತು ವಾಪಸ್ ತಗೊಂಡೆ” ಎಂದಿದ್ದರೆ ಅವನು ಒಂದು ರೂಪಾಯಿಯನ್ನೂ ಕೊಡಬೇಕಾಗಿರಲಿಲ್ಲ.